‘ಪರಿಹಾರ ರಜೆ ಅಥವಾ ದುಪ್ಪಟ್ಟು ವೇತನ’: ಈ ‘ಅಥವಾ’ ಯಾರ ಕೈಯಲ್ಲಿದೆ?

ಮಾನ್ಯ ಬಳಗದವರೇ,

ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಗಾಗಿ ಸೂಚನಾಫಲಕದ ಒಕ್ಕಣೆಯನ್ನು ತಿದ್ದಿಕೊಡುತ್ತಿದ್ದೇನೆ. ಈಗಿರುವ ವಾಕ್ಯ ಹೀಗಿದೆ: “ವಾರದ ರಜೆ ಹಾಗೂ ಸಾರ್ವತ್ರಿಕ ರಜಾ ದಿನಗಳಂದು ಕೆಲಸ ಮಾಡಿದವರಿಗೆ ಪರಿಹಾರ ರಜೆ ಅಥವಾ ದುಪ್ಪಟ್ಟು ವೇತನ ನೀಡಲಾಗುವುದು.” ನನ್ನ ಸಂದೇಹಗಳು ಮೂರು. ‘ಪರಿಹಾರ’ ಎಂದೊಡನೆ ಅಪಘಾತದ ಹಣವೇ ನೆನಪಾಗುವುದರಿಂದ ‘ಬದಲಿ ರಜೆ’ ಎಂದರೆ ಸಾಕೇ? ‘ಅಥವಾ’ ಎಂಬಲ್ಲಿ ಆಯ್ಕೆ ಯಾರದು? ನವೆಂಬರ್ 1ರಂದು ದುಡಿದವರಿಗೆ ಲೆಕ್ಕಪತ್ರ ವಿಭಾಗವು ಸಂಬಳದ ಮೇಲೆ ಒಂದು ದಿನದ ಕೂಲಿಯನ್ನಷ್ಟೇ ಸೇರಿಸಿದ್ದು, ಕಾರ್ಮಿಕರು ಎರಡು ದಿನದ್ದನ್ನು ನಿರೀಕ್ಷಿಸಿದ್ದರು. ‘ದುಪ್ಪಟ್ಟು’ ಎಂಬುದನ್ನು ಹೇಗೆ ಓದಬೇಕು?

ಮೊದಲ ಉತ್ತರ (ಸರ್ಕಾರಿ ಕಚೇರಿಯೊಂದರ ನಿವೃತ್ತ ಅಧೀಕ್ಷಕರಿಂದ):

ನಮ್ಮ ಕಚೇರಿಯಲ್ಲಿ ‘ಪರಿಹಾರ ರಜೆ’ ಎಂದೇ ಬರೆಯುತ್ತಿದ್ದೆವು, ಯಾರಿಗೂ ಗೊಂದಲವಾಗಿರಲಿಲ್ಲ. ರಜೆ ಕೊಡುವುದು ಮೇಲಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಆದ್ದರಿಂದ ‘ಅಥವಾ’ದ ಆಯ್ಕೆಯೂ ಆಡಳಿತದ್ದೇ ಆಗಿರಬೇಕು. ವಾಕ್ಯವನ್ನು ಬದಲಿಸುವ ಅಗತ್ಯ ನನಗೆ ಕಾಣುತ್ತಿಲ್ಲ.

ಎರಡನೆಯ ಉತ್ತರ (ಕಾರ್ಮಿಕ ಪ್ರಕರಣಗಳನ್ನು ನಡೆಸುವ ವಕೀಲರಿಂದ):

ಅಧೀಕ್ಷಕರು ಹೇಳಿದ್ದು ಅವರ ಕಚೇರಿಗೆ ಸರಿಯಿರಬಹುದು, ಕಾರ್ಖಾನೆಗೆ ಹೊಂದುವುದಿಲ್ಲ. ತೊಡಕಿನ ಮೂಲವು ಎರಡು ಬಗೆಯ ರಜೆಗಳನ್ನು ಒಂದೇ ವಾಕ್ಯಕ್ಕೆ ತುರುಕಿರುವುದರಲ್ಲಿದೆ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1ರಂಥ ದಿನಗಳಿಗೆ ಅನ್ವಯಿಸುವುದು ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕುರಿತ ಕರ್ನಾಟಕದ 1963ರ ಕಾಯ್ದೆ. ಅದರ ಪ್ರಕಾರ ಆಯ್ಕೆ ದುಡಿದವನದು: ಒಂದೋ ಇಮ್ಮಡಿ ವೇತನ, ಇಲ್ಲವೇ ಆ ದಿನದ ವೇತನದ ಜೊತೆಗೆ ಸಂಬಳಸಹಿತವಾದ ಇನ್ನೊಂದು ದಿನದ ಬಿಡುವು.

ವಾರದ ರಜೆಯ ಸಂಗತಿ ಬೇರೆ. ಅಲ್ಲಿ ಹಣ ಮತ್ತು ರಜೆಗಳ ನಡುವೆ ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ವಿನಾಯಿತಿಯ ಮೇಲೆ ವಾರದ ರಜೆಯಂದು ದುಡಿಸಿಕೊಂಡರೆ, ಕಳೆದುಹೋದ ರಜೆಯನ್ನು ಅದೇ ತಿಂಗಳಲ್ಲಿ ಅಥವಾ ಅದರ ಮುಂದಿನ ಎರಡು ತಿಂಗಳೊಳಗೆ ಕೊಡಬೇಕು. ಇದು 1948ರ ಕಾರ್ಖಾನೆಗಳ ಕಾಯ್ದೆಯಲ್ಲಿದ್ದ ನಿಯಮ. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ, ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ 8 ಗಂಟೆಯಂತೆ 48 ಗಂಟೆ ದುಡಿದವನನ್ನು ಭಾನುವಾರವೂ ಕರೆಸಿಕೊಂಡು ಬಿಡುವನ್ನು ಮುಂದಿನ ತಿಂಗಳು ಕೊಟ್ಟರೆ, ಆ ಭಾನುವಾರದ ಗಂಟೆಗಳೆಲ್ಲ 48ನ್ನು ಮೀರಿದ ಓಟಿಯಾಗಿಯೇ ಉಳಿಯುತ್ತವೆ ಮತ್ತು ಅವಕ್ಕೆ ಇಮ್ಮಡಿ ದರ ಸಲ್ಲುತ್ತದೆ ಎಂಬುದು ನನ್ನ ಓದು. ಹಾಗಾಗಿ ಭಾನುವಾರದ ವಿಷಯದಲ್ಲಿ ನಿಮ್ಮ ‘ಅಥವಾ’ ವಾಸ್ತವದಲ್ಲಿ ‘ಮತ್ತು’ ಆಗಬೇಕಾದದ್ದು.

ಇನ್ನು ‘ದುಪ್ಪಟ್ಟು’. ತಿಂಗಳ ವೇತನ 15,600 ರೂಪಾಯಿ ಇದ್ದು 26 ದಿನಕ್ಕೆ ಹಂಚಿದರೆ ದಿನಕ್ಕೆ 600 ರೂಪಾಯಿ ಬರುತ್ತದೆ. ನವೆಂಬರ್ 1ರ 600 ರೂಪಾಯಿ, ಕೆಲಸ ಮಾಡದಿದ್ದರೂ ಸಂಬಳದೊಳಗೇ ಇದೆ. ಇಮ್ಮಡಿ ಎಂದರೆ ಒಟ್ಟು 1,200 ಎಂದಾದರೆ ಇನ್ನು ಸೇರಬೇಕಾದದ್ದು 600 ಮಾತ್ರ, ಮತ್ತು ಆಗಷ್ಟೇ ಹಣದ ಆಯ್ಕೆ ರಜೆಯ ಆಯ್ಕೆಗೆ ಸರಿಸಮನಾಗುತ್ತದೆ. ಲೆಕ್ಕಪತ್ರ ವಿಭಾಗದವರು ಇದನ್ನೇ ಅನುಸರಿಸಿರಬೇಕು.

ಮೂರನೆಯ ಉತ್ತರ (ಖಾಸಗಿ ಆಸ್ಪತ್ರೆಯೊಂದರ ಶುಶ್ರೂಷಕಿಯಿಂದ):

ನಮ್ಮಲ್ಲಿ ಇದನ್ನು ಎಲ್ಲರೂ ‘ಸಿ-ಆಫ್’ ಎನ್ನುತ್ತೇವೆ. ‘ಪರಿಹಾರ ರಜೆ’ ಎಂದರೆ ಯಾರಿಗೂ ಹೊಳೆಯುವುದಿಲ್ಲ. ದಸರೆಯಂದು ಪಾಳಿ ಮಾಡಿದ್ದರ ಸಿ-ಆಫ್ ಕೇಳಿದಾಗಲೆಲ್ಲ ‘ಈಗ ಜನ ಕಡಿಮೆ’ ಎನ್ನುತ್ತಾರೆ, ವರ್ಷ ಮುಗಿದೊಡನೆ ಅದು ರದ್ದಾಯಿತೆನ್ನುತ್ತಾರೆ. ಗಳಿಕೆ ರಜೆಯನ್ನು ನಗದಾಗಿಸುವಂತೆ ಇದನ್ನೂ ನಗದಾಗಿಸಿಕೊಳ್ಳಬಹುದೇ, ವಕೀಲರು ದಯವಿಟ್ಟು ತಿಳಿಸಬೇಕು.

ವಕೀಲರಿಂದ ಮತ್ತೆ:

ಮೇಡಂ, ಗಳಿಕೆ ರಜೆಯ ಲೆಕ್ಕವೇ ಬೇರೆ, ಎರಡನ್ನೂ ಬೆರೆಸಬೇಡಿ. ಸಿ-ಆಫ್ ಪುಸ್ತಕದಲ್ಲಿ ನೀವು ದುಡಿದ ದಿನಾಂಕ ಮತ್ತು ರಜೆ ಕೇಳಿದ ದಿನಾಂಕ ಎರಡೂ ದಾಖಲಾಗಿವೆಯೇ ಎಂದು ಮೊದಲು ನೋಡಿಕೊಳ್ಳಿ. ಕೇಳಿದ ದಿನಾಂಕವಿಲ್ಲದಿದ್ದರೆ ‘ಅವರೇ ತೆಗೆದುಕೊಳ್ಳಲಿಲ್ಲ’ ಎಂಬ ಮಾತಿಗೆ ಎದುರು ಹೇಳುವುದು ಕಷ್ಟ.

ನಾಲ್ಕನೆಯ ಉತ್ತರ (ಕಾರ್ಮಿಕ ಸಂಘದ ಪದಾಧಿಕಾರಿಯೊಬ್ಬರಿಂದ):

ವಕೀಲರ 1,200ರ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ರಜೆಯ ವೇತನವು ದುಡಿಯದಿದ್ದರೂ ಬರುವ ಹಕ್ಕು. ಇಮ್ಮಡಿಯು ದುಡಿಮೆಯ ಬೆಲೆ. ಅವು ಒಂದರೊಳಗೊಂದು ಕರಗಿದರೆ, ಹಬ್ಬದಂದು ಬೆವರು ಸುರಿಸಿದವನಿಗೆ ಸಿಗುವುದು ಸಾಮಾನ್ಯ ದಿನದ ಕೂಲಿಯಷ್ಟೇ.

ಪ್ರಶ್ನೆ ಕೇಳಿದವನಿಂದ:

ಎಲ್ಲರಿಗೂ ವಂದನೆಗಳು. ವಾಕ್ಯವನ್ನು ಎರಡಾಗಿ ಒಡೆಯುತ್ತಿದ್ದೇನೆ. ಮೊದಲನೆಯದು: “ರಾಷ್ಟ್ರೀಯ ಮತ್ತು ಹಬ್ಬದ ರಜೆಯಂದು ಕೆಲಸ ಮಾಡಿದ ಕಾರ್ಮಿಕರು, ತಮ್ಮ ಇಚ್ಛೆಯಂತೆ, ಇಮ್ಮಡಿ ವೇತನವನ್ನಾಗಲಿ, ಆ ದಿನದ ವೇತನದೊಂದಿಗೆ ಸಂಬಳಸಹಿತ ಬದಲಿ ರಜೆಯನ್ನಾಗಲಿ ಪಡೆಯಬಹುದು.” ಎರಡನೆಯದರಲ್ಲಿ ಭಾನುವಾರದ ಓಟಿ ಮತ್ತು ಬದಲಿ ರಜೆಗಳೆರಡನ್ನೂ ಬರೆದು, ಎರಡು ತಿಂಗಳ ಗಡುವನ್ನೂ ಸೇರಿಸುತ್ತೇನೆ. ‘ಇಮ್ಮಡಿ’ಯ ಮುಂದೆ ‘ಒಟ್ಟು’ ಎಂದು ಬರೆಯಬೇಕೆಂದು ಆಡಳಿತದವರೂ, ‘ಹೆಚ್ಚುವರಿಯಾಗಿ’ ಎಂದು ಬರೆಯಬೇಕೆಂದು ಸಂಘದವರೂ ಕೇಳುತ್ತಿರುವುದರಿಂದ, ಅವರು ಒಮ್ಮತಕ್ಕೆ ಬರುವತನಕ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.