ಫಿಕ್ಸೆಡ್ ಪ್ರೈಸಾ, ಗಂಟೆ ಲೆಕ್ಕವಾ? ಇನ್‌ವಾಯ್ಸ್ ಹೇಗೆ ಮಾಡೋದು?

ಪ್ರಶ್ನೆ: ನಾವು ಮೂರು ಜನರ ಚಿಕ್ಕ ಟೀಮ್. ಒಬ್ಬ ಕ್ಲೈಂಟ್‌ಗೆ ಆರ್ಡರ್ ನೋಡಿಕೊಳ್ಳುವ ಸಾಫ್ಟ್‌ವೇರ್ ಬೇಕು. ಸ್ಕ್ರೀನ್‌ಗಳಿಗೆ ಸುಮಾರು 260 ಗಂಟೆ ಆಗಬಹುದು. ಅದನ್ನು ಅವರ ಹಳೆಯ ಅಕೌಂಟಿಂಗ್ ಸಿಸ್ಟಮ್‌ಗೆ ಜೋಡಿಸಬೇಕು, ಅದಕ್ಕೆ 60 ಗಂಟೆನೂ ಆಗಬಹುದು, 180ನೂ ಆಗಬಹುದು. ಅವರು ಪೂರ್ತಿ ಕೆಲಸಕ್ಕೆ ಒಂದೇ ರೇಟ್ ಕೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದಾ? ಬಿಲ್ ಹೇಗೆ ಮಾಡಬೇಕು?

ಉತ್ತರ (ಪ್ರಾಜೆಕ್ಟ್ ಬಿಲ್ಲಿಂಗ್ ನೋಡಿಕೊಳ್ಳುವವರು): ಒಂದೇ ರೇಟ್ ಬೇಡ. 60ಕ್ಕೆ ಕೋಟ್ ಮಾಡಿದರೆ ಉಳಿದ ಗಂಟೆ ನಿಮ್ಮ ಜೇಬಿಂದ ಹೋಗುತ್ತದೆ. 180ಕ್ಕೆ ಮಾಡಿದರೆ ಆಗದೇ ಇರುವ ಕೆಲಸಕ್ಕೂ ಕ್ಲೈಂಟ್ ದುಡ್ಡು ಕೊಡಬೇಕಾಗುತ್ತದೆ, ಇಲ್ಲಾಂದ್ರೆ ಬೇರೆಯವರ ಹತ್ತಿರ ಹೋಗುತ್ತಾರೆ. ಕೆಲಸವನ್ನೇ ಎರಡು ಭಾಗ ಮಾಡಿ.

ಸ್ಕ್ರೀನ್‌ಗಳ ಕೆಲಸ ನಿಮಗೆ ಗೊತ್ತಿರುವಂಥದ್ದು. ಅದಕ್ಕೆ ಒಂದಿಷ್ಟು ಸೇರಿಸಿ 300 ಗಂಟೆ ಅಂತ ಹಿಡಿದು ಫಿಕ್ಸೆಡ್ ಪ್ರೈಸ್ ಕೊಡಿ. ಜೋಡಣೆಯ ಕೆಲಸಕ್ಕೆ ಮೊದಲು 24 ಗಂಟೆಯ ಪರಿಶೀಲನೆ, ಗಂಟೆ ಲೆಕ್ಕದಲ್ಲಿ. ಹಳೆ ಸಿಸ್ಟಮ್ ಡೇಟಾ ಹೊರಗೆ ಕೊಡುತ್ತದಾ, ಟೇಬಲ್‌ಗಳು ಎಷ್ಟು ಸರಿಯಿವೆ, ಅಷ್ಟು ನೋಡಿ ಬರೆದುಕೊಡಿ. ಆಮೇಲೆ ಉಳಿದದ್ದಕ್ಕೆ ಯಾವ ಲೆಕ್ಕ ಅಂತ ಇಬ್ಬರೂ ಕೂತು ಮಾತಾಡಬಹುದು.

ಇನ್ನು ಇನ್‌ವಾಯ್ಸ್. ಫಿಕ್ಸೆಡ್ ಭಾಗದ ಇನ್‌ವಾಯ್ಸ್‌ನಲ್ಲಿ ಗಂಟೆಗಳನ್ನು ತೋರಿಸಲೇಬೇಡಿ. ತೋರಿಸಿದರೆ "ಇದಕ್ಕೆ 40 ಗಂಟೆ ಯಾಕೆ?" ಅಂತ ಶುರುವಾಗುತ್ತದೆ. ಅವರು ಕೊಳ್ಳುತ್ತಿರುವುದು ಸ್ಕ್ರೀನ್, ನಿಮ್ಮ ಸಮಯ ಅಲ್ಲ. ಮೈಲ್‌ಸ್ಟೋನ್ ಹೆಸರು, ಒಟ್ಟು ಬೆಲೆಯಲ್ಲಿ ಅದರ ಪಾಲು, ಕ್ಲೈಂಟ್ ಒಪ್ಪಿದ ದಿನಾಂಕ, ಇಷ್ಟಿದ್ದರೆ ಸಾಕು. ಪಾಲು ಹೀಗೆ ಇಡಬಹುದು: ಸಹಿ ಆದಾಗ 20%, ಆರ್ಡರ್ ಸ್ಕ್ರೀನ್‌ಗಳು ಒಪ್ಪಿಗೆ ಆದಾಗ 35%, ರಿಪೋರ್ಟ್‌ಗಳು ಒಪ್ಪಿಗೆ ಆದಾಗ 35%, ಲೈವ್ ಆಗಿ ತಿಂಗಳ ಮೇಲೆ 10%. ಕೊನೆಯ ಕಂತು ದೊಡ್ಡದಾಗಿ ಇಟ್ಟವರು ಚಿಕ್ಕಪುಟ್ಟ ಬಗ್ ಲಿಸ್ಟ್ ಹಿಡಿದುಕೊಂಡು ತಿಂಗಳುಗಟ್ಟಲೆ ಕಾಯುತ್ತಾರೆ. ಕರಾರಿನಲ್ಲಿ ಇನ್ನೊಂದು ಸಾಲು ಬೇಕೇ ಬೇಕು: ಕೊಟ್ಟ ಮೇಲೆ 10 ಕೆಲಸದ ದಿನಗಳಲ್ಲಿ ಬರವಣಿಗೆಯಲ್ಲಿ ತಕರಾರು ಬರದಿದ್ದರೆ ಒಪ್ಪಿದಂತೆ. ಇದಿಲ್ಲದಿದ್ದರೆ ಯಾರೂ ಟೆಸ್ಟ್ ಮಾಡಲ್ಲ, ನಿಮ್ಮ ಬಿಲ್ ಸುಮ್ನೆ ಕೂತಿರುತ್ತದೆ.

ಗಂಟೆ ಲೆಕ್ಕದ ಬಿಲ್ ಇದಕ್ಕೆ ಉಲ್ಟಾ, ಅಲ್ಲಿ ವಿವರವೇ ಜೀವಾಳ. "ಇಂಟಿಗ್ರೇಷನ್ ಕೆಲಸ, 14 ಗಂಟೆ" ಅಂತ ಬರೆದರೆ ಅಕೌಂಟ್ಸ್‌ನವರು ವಾಪಸ್ ಕಳಿಸುತ್ತಾರೆ. ಹೀಗೆ ಬರೆಯಿರಿ: "12ನೇ ತಾರೀಖು, ಸೀನಿಯರ್ ಡೆವಲಪರ್, 3.5 ಗಂಟೆ, ಗ್ರಾಹಕರ ಟೇಬಲ್‌ನಲ್ಲಿ ಎರಡೆರಡು ಸಲ ಇರುವ ಹೆಸರುಗಳ ಪತ್ತೆ." ಟೈಮ್‌ಶೀಟ್ ವಾರಕ್ಕೊಮ್ಮೆ ಕಳಿಸಿ ಒಪ್ಪಿಸಿಕೊಳ್ಳಿ, ಬಿಲ್ ತಿಂಗಳಿಗೊಮ್ಮೆ. ಸರ್ವರ್, ಲೈಸೆನ್ಸ್ ಖರ್ಚು ಬೇರೆ ಸಾಲಿನಲ್ಲಿ ಬರಲಿ, ರಸೀದಿ ಜೊತೆಗೆ.

ಒಬ್ಬ ಡೆವಲಪರ್: ಫಿಕ್ಸೆಡ್ ಪ್ರೈಸ್ ಅಂದ್ರೇನೆ ಡೆವಲಪರ್‌ಗೆ ನಷ್ಟ. ಕ್ಲೈಂಟ್ ಸೇರಿಸ್ತಾ ಹೋಗ್ತಾನೆ, ನಾವು ಮಾಡ್ತಾ ಹೋಗ್ತೀವಿ. ಯಾವಾಗಲೂ ಗಂಟೆ ಲೆಕ್ಕನೇ ಸರಿ.

ಉತ್ತರ: ಸೇರಿಸ್ತಾ ಹೋಗೋದು ನಿಜ, ಸರ್. ಆದರೆ ಆ ನಷ್ಟ ಬರೋದು ಬದಲಾವಣೆಗೆ ಬೇರೆ ಬಿಲ್ ಮಾಡದೇ ಇದ್ದಾಗ. ಹೊಸದಾಗಿ ಕೇಳಿದ್ದಕ್ಕೆ ಒಂದು ನಂಬರ್, ಬೆಲೆ, ಒಪ್ಪಿಗೆಯ ಮೇಲ್. ಇನ್‌ವಾಯ್ಸ್‌ನಲ್ಲಿ ಅದಕ್ಕೊಂದು ಸಾಲು. ಇನ್ನು ಅದೇ ಥರದ ಸ್ಕ್ರೀನ್ ಮೊದಲೇ ಮಾಡಿದ್ದು, 300ರ ಬದಲು 200 ಗಂಟೆಯಲ್ಲಿ ಮುಗಿಸಿದರೆ ಆ ಉಳಿತಾಯ ನಿಮ್ಮದೇ. ಗಂಟೆ ಲೆಕ್ಕದಲ್ಲಿ ಬೇಗ ಮುಗಿಸಿದವನಿಗೆ ಕಮ್ಮಿ ದುಡ್ಡು, ಅಲ್ವಾ?

ಕ್ಲೈಂಟ್ ಕಡೆಯವರು: ನಮಗೂ ಇದೇ ಸಮಸ್ಯೆ. ಪ್ರತಿ ತಿಂಗಳು ಸಪೋರ್ಟ್‌ಗೆ ಒಂದೇ ಮೊತ್ತ ಕಟ್ಟುತ್ತೇವೆ, ಕೆಲವು ತಿಂಗಳು ಅವರಿಗೆ ಏನೂ ಕೆಲಸ ಇರಲ್ಲ.

ಉತ್ತರ: ಮೇಡಂ, ನಿಮ್ಮದು ತಿಂಗಳ ಸಪೋರ್ಟ್ ಕರಾರು, ಇಲ್ಲಿಯ ಮಾತು ಬೇರೆ. ಬಳಸದ ಗಂಟೆಗಳು ಮುಂದಿನ ತಿಂಗಳಿಗೆ ಹೋಗುತ್ತವಾ ಅಂತ ಕರಾರಿನಲ್ಲಿ ನೋಡಿ.

ಪ್ರಶ್ನೆ ಕೇಳಿದವರು: ಎರಡು ಭಾಗಕ್ಕೆ ಕ್ಲೈಂಟ್ ಒಪ್ಪಬಹುದು. ಆದರೆ ಗಂಟೆ ಲೆಕ್ಕಕ್ಕೆ ಮಿತಿ ಬೇಕು ಅಂತಾರೆ. 120 ಗಂಟೆ ಅಂತ ಇಟ್ಟು, ಕೆಲಸ ಅಷ್ಟರಲ್ಲಿ ಮುಗಿಯದಿದ್ದರೆ?

ಉತ್ತರ: ಮಿತಿ ಮುಟ್ಟಿದರೆ ಕೆಲಸ ನಿಲ್ಲುತ್ತದೆ, ಮುಂದುವರಿಸಲು ಹೊಸ ಒಪ್ಪಿಗೆ ಬೇಕು ಅಂತ ಬರೆಯಿರಿ. 90 ಗಂಟೆ ದಾಟಿದ ದಿನವೇ ಎಷ್ಟು ಉಳಿದಿದೆ ಅಂತ ಮೇಲ್ ಹಾಕಿ.

ಇನ್ನೊಬ್ಬರು (ಕಂಪನಿಗಳಿಗೆ ಸಾಫ್ಟ್‌ವೇರ್ ಕೊಳ್ಳುವ ಕೆಲಸ ನನ್ನದು): ನಾವು ಅದನ್ನು ಒಪ್ಪಲ್ಲ. ಮಿತಿ ಅಂದ್ರೆ ಅಷ್ಟರೊಳಗೆ ಮುಗಿಸಿಕೊಡಬೇಕು ಅಂತಲೇ ನಮ್ಮ ಅರ್ಥ.

ಉತ್ತರ: ಹಾಗಾದರೆ ಅದು ಬರೀ ಕೊಳ್ಳುವವರ ಕಡೆ ವಾಲಿದ ಫಿಕ್ಸೆಡ್ ಪ್ರೈಸ್ ಆಯಿತು. ಕೆಲಸ ಕಮ್ಮಿಯಾದರೆ ಲಾಭ ನಿಮಗೆ, ಜಾಸ್ತಿಯಾದರೆ ನಷ್ಟ ಮಾಡಿಕೊಡುವವರಿಗೆ. ಅದಕ್ಕೆ ಗಂಟೆಯ ರೇಟ್ ಏರಿಸದೆ ನಾನಂತೂ ಸಹಿ ಹಾಕಲ್ಲ.

ಇನ್ನೊಬ್ಬರು: ರೇಟ್ ಏರಿಸದೆಯೂ ಸಹಿ ಹಾಕುವವರು ನಮಗೆ ಸಿಗ್ತಾರೆ.