ಅಪ್‌ಡೇಟ್: ತಣ್ಣನೆಯ ಪಾನೀಯಕ್ಕೆ ಹಲ್ಲು ಜುಮ್ಮೆನ್ನುತ್ತಿದ್ದುದರ ಕಾರಣ ಸಿಕ್ಕಿತು

ನನ್ನ ಪ್ರಶ್ನೆ: “ತಣ್ಣನೆಯದು ಕುಡಿದರೆ ಮೇಲಿನ ಎಡಗಡೆಯ ಕೋರೆಹಲ್ಲು ಸೂಜಿ ಚುಚ್ಚಿದಂತೆ ಜುಮ್ಮೆನ್ನುತ್ತದೆ. ಹುಳುಕು ಕಾಣುತ್ತಿಲ್ಲ. ಏಕೆ ಹೀಗೆ?”

ದಂತವೈದ್ಯರು ಪಕ್ಕದ ಹಲ್ಲುಗಳನ್ನು ಬೆರಳಿನಿಂದ ಮರೆಮಾಡಿ ಈ ಹಲ್ಲಿನ ಬುಡಕ್ಕೆ ಮಾತ್ರ ಗಾಳಿ ಊದಿದಾಗ ಅದೇ ನೋವು ಮರುಕಳಿಸಿತು. ಗಾಳಿ ನಿಂತ ಕೂಡಲೇ ಮಾಯವಾಯಿತು. ಎಕ್ಸ್‌ರೇಯಲ್ಲಿ ಹುಳುಕಾಗಲಿ, ಪರೀಕ್ಷೆಯಲ್ಲಿ ಬಿರುಕಾಗಲಿ ಕಾಣದ ಕಾರಣ, ಇದು ಹಲ್ಲಿನ ಹೊರಕವಚವಾದ ಎನಾಮಲ್‌ನ ಒಳಗಿರುವ ಪದರ, ಅಂದರೆ ಡೆಂಟಿನ್‌ನ ಅತಿಸಂವೇದನೆ ಎಂದು ಅವರು ನಿರ್ಧರಿಸಿದರು.

ಹಲ್ಲಿನ ಬೇರಿಗೆ ಎನಾಮಲ್‌ನ ಹೊದಿಕೆ ಇರುವುದಿಲ್ಲ. ಒಸಡು ಸರಿದು ಬೇರು ತೆರೆದುಕೊಂಡರೆ, ಅದರ ಮೇಲಿನ ಸಿಮೆಂಟಮ್ ಎಂಬ ತೆಳುವಾದ ಹೊದಿಕೆ ಬೇಗನೆ ಸವೆದು, ಡೆಂಟಿನ್‌ನೊಳಗಿನ ದ್ರವ ತುಂಬಿದ ಅತಿಸೂಕ್ಷ್ಮ ನಳಿಕೆಗಳ ಬಾಯಿ ತೆರೆಯುತ್ತದೆ. ತಂಪು ತಗುಲಿದೊಡನೆ ಆ ದ್ರವ ಹೊರಮುಖವಾಗಿ ಥಟ್ಟನೆ ಚಲಿಸಿ, ಒಳತುದಿಯ ನರಗಳನ್ನು ಕೆರಳಿಸುತ್ತದೆ. ಅಂದರೆ ನರಕ್ಕೆ ತಟ್ಟುವುದು ಚಳಿಯಲ್ಲ, ದ್ರವದ ಚಲನೆ. ಬರಿಯ ಗಾಳಿಗೂ ನೋವಾದದ್ದು ಅದಕ್ಕೇ.

ತಪ್ಪು ನನ್ನದೇ: ಗಟ್ಟಿ ಬ್ರಷ್‌ನಿಂದ ಅಡ್ಡಡ್ಡವಾಗಿ ಒತ್ತಿ ಉಜ್ಜುತ್ತಿದ್ದೆ, ಅದರಿಂದಲೇ ಒಸಡು ಸರಿದಿತ್ತು. ಈಗ ಮೃದುವಾದ ಬ್ರಷ್ ಹಾಗೂ ಶೇ. 5ರಷ್ಟು ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ದಿನಕ್ಕೆ ಎರಡು ಬಾರಿ ಬಳಸಿ, ಉಗುಳಿದ ಮೇಲೆ ನೀರಿನಿಂದ ಮುಕ್ಕಳಿಸದೆ ಬಿಡುತ್ತಿದ್ದೇನೆ. ಪೊಟ್ಯಾಸಿಯಂ ನರದ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆಯಾದರೂ, ಅದಕ್ಕೆ ವಾರಗಳು ಬೇಕು. ಮೊದಲ ವಾರ ಏನೂ ಬದಲಾಗದೆ ಬಹುತೇಕ ಕೈಬಿಟ್ಟಿದ್ದೆ; ನಾಲ್ಕನೆಯ ವಾರದಲ್ಲಿ ತಣ್ಣೀರು ಕುಡಿಯಲು ಸಾಧ್ಯವಾಯಿತು. ಸರಿದ ಒಸಡು ಮಾತ್ರ ತಾನಾಗಿ ಮರಳುವುದಿಲ್ಲ, ಹಾಗಾಗಿ ಪೇಸ್ಟನ್ನು ಮುಂದುವರಿಸಬೇಕು; ಸಾಲದಿದ್ದರೆ ವೈದ್ಯರು ಫ್ಲೋರೈಡ್ ವಾರ್ನಿಷ್ ಲೇಪಿಸುತ್ತಾರೆ.

ತಂಪು ಸರಿದ ಮೇಲೂ ನೋವು ನಿಮಿಷಗಟ್ಟಲೆ ಉಳಿದರೆ, ಅಥವಾ ರಾತ್ರಿ ತಾನಾಗಿ ಎಬ್ಬಿಸಿದರೆ, ಅದು ಹಲ್ಲಿನೊಳಗಿನ ತಿರುಳಿನ ಉರಿಯೂತವಿರಬಹುದು. ಅದಕ್ಕೆ ಈ ಪೇಸ್ಟ್ ಮದ್ದಲ್ಲ.