ಪದಚರ್ಚೆ: ಹೆಡ್‌ರೆಸ್ಟ್‌ಗೆ ‘ತಲೆದಿಂಬು’ ಅಂತ ಬರೆಯಬಹುದಾ?

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಡ್ರೈವಿಂಗ್ ಕಲಿಸುವವರೊಬ್ಬರು ಕಲಿಯಲು ಬರುವವರಿಗೆ ಕೊಡಲು ಎರಡು ಪುಟ ಕನ್ನಡದಲ್ಲಿ ಬರೆದುಕೊಡಿ ಅಂದಿದ್ದಾರೆ. ಮಲಯಾಳದ್ದು ಅವರ ಹತ್ತಿರ ಇದೆ, ಕನ್ನಡದ್ದು ಇಲ್ಲ. ಕ್ಲಚ್ಚು, ಬ್ರೇಕು, ಸ್ಟೇರಿಂಗು ಇವಕ್ಕೆಲ್ಲ ನಾನು ತಲೆಕೆಡಿಸಿಕೊಳ್ಳಲಿಲ್ಲ, ಜನ ಹೇಳುವ ಹಾಗೇ ಬರೆದೆ. ಸಿಕ್ಕಿಬಿದ್ದದ್ದು ಸೀಟಿನ ನೆತ್ತಿಯಲ್ಲಿ ಕೂತಿರುತ್ತಲ್ಲ, ಆ ಹೆಡ್‌ರೆಸ್ಟ್‌ ಹತ್ತಿರ. ಮೊದಲು ‘ತಲೆದಿಂಬು’ ಅಂತ ಬರೆದೆ, ಆಮೇಲೆ ಹೊಡೆದು ಹಾಕಿದೆ.

ಯಾಕೆ ಅಂದರೆ, ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದಾಗ ಕುಂಬಳೆ ಹತ್ತಿರ ಸಾಲಿನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಒಂದು ಪಿಕಪ್ ಬಂದು ಗುದ್ದಿತು. ದೊಡ್ಡ ವೇಗವೇನಲ್ಲ. ಬಂಪರ್ ಸ್ವಲ್ಪ ಒಳಗೆ ಹೋಯಿತು, ಲೈಟಿನ ಗಾಜು ಕೂಡ ಒಡೆಯಲಿಲ್ಲ. ಇಳಿದು ಚೆನ್ನಾಗಿ ಜಗಳ ಮಾಡಿ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಕುತ್ತಿಗೆ ತಿರುಗಲಿಲ್ಲ, ಮೂರು ವಾರ ಆ ನೋವು ಇತ್ತು. ಡಾಕ್ಟರು ಮೊದಲು ಕೇಳಿದ್ದೇ, ಹೆಡ್‌ರೆಸ್ಟ್ ಎಲ್ಲಿಗೆ ಬರ್ತಿತ್ತು ಅಂತ. ನಾನು ಉದ್ದದ ಆಳು. ಅದನ್ನು ಪೂರ್ತಿ ಕೆಳಗೆ ಒತ್ತಿ ಕುತ್ತಿಗೆಗೆ ಸಿಗುವ ಹಾಗೆ ಇಟ್ಟುಕೊಂಡಿದ್ದೆ. ದಿಂಬು ಅಂದ ಮೇಲೆ ಕುತ್ತಿಗೆ ಕೆಳಗೇ ಇರಬೇಕು ಅಲ್ವಾ?

ಇಂಗ್ಲಿಷಿನಲ್ಲೂ ಇದಕ್ಕೆ ಎರಡು ಹೆಸರು ಇದೆಯಂತೆ. ಒಂದು ತಲೆಗೆ ವಿಶ್ರಾಂತಿ ಕೊಡುವುದು ಅನ್ನುತ್ತದೆ, ಇನ್ನೊಂದು ತಲೆಯನ್ನು ತಡೆದು ಹಿಡಿಯುವುದು ಅನ್ನುತ್ತದೆ. ಕನ್ನಡದಲ್ಲಿ ಯಾವುದನ್ನು ಹಿಡಿಯೋಣ?

ಮಂಜೇಶ್ವರದಿಂದ:

ತಲೆದಿಂಬು ಒಳ್ಳೆಯ ಪದ, ಬಿಡಬೇಡಿ. ನಮ್ಮ ಮನೆಯಲ್ಲಿ ದಿಂಬಿಗೆ ತಲೆಕೊಂಬು ಅನ್ನುತ್ತೇವೆ, ಬೇಕಾದರೆ ಅದನ್ನೂ ಬಳಸಬಹುದು. ಮಲಯಾಳದವರ ‘ತಲಯಣ’ ನೋಡಿ ‘ತಲೆಯಣೆ’ ಅಂತಲೂ ಮಾಡಬಹುದು. ಅಣೆಕಟ್ಟಿನ ಅಣೆ ಇದೆಯಲ್ಲ, ನೀವು ಕೇಳಿದ ತಡೆಯುವ ಅರ್ಥವೂ ಅದರಲ್ಲಿ ಬಂತು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನಾಗಿ ಹೇಳುತ್ತೇನೆ, ಹೊಸ ಪದ ಸುಮ್ನೆ ಹುಟ್ಟಿಸಿದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ.

ಇನ್ನೊಂದು, ಆ ವಸ್ತು ಇರುವುದು ಎದುರಿನಿಂದ ಗುದ್ದಿದಾಗ ತಲೆ ಮುಂದೆ ಹೋಗಿ ರಪ್ಪನೆ ಹಿಂದೆ ಬರುತ್ತದಲ್ಲ, ಆಗ ಹಿಡಿಯುವುದಕ್ಕೆ. ಉಳಿದ ಹೊತ್ತು ಕುತ್ತಿಗೆಗೆ ಆಸರೆ. ಹಾಗಾಗಿ ನೀವು ಕುತ್ತಿಗೆಗೆ ಇಟ್ಟುಕೊಂಡದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ.

ಕುಂಬಳೆಯಿಂದ:

ಮಾಷ್ಟ್ರೇ, ನೀವು ಹೇಳಿದ್ದು ಅರ್ಧ ಸರಿ. ಎದುರಿನಿಂದ ಗುದ್ದಿದಾಗ ಬೆಲ್ಟು ಎದೆಯನ್ನು ಹಿಡಿದ ಮೇಲೆ ಮೈ ಹಿಂದಕ್ಕೆ ಬರುವುದು ಹೌದು, ಆಗ ಅದು ತಲೆಯನ್ನು ಹಿಡಿಯುವುದೂ ಹೌದು. ಆದರೆ ಅದರ ಮುಖ್ಯ ಕೆಲಸ ಬದಿಯಡ್ಕದವರಿಗೆ ಆದಂಥದ್ದೇ, ಹಿಂದಿನಿಂದ ಬೀಳುವ ಗುದ್ದು. ನನ್ನದು ಗ್ಯಾರೇಜು, ಸೀಟು ಬಿಚ್ಚಿ ಕಟ್ಟುವುದೇ ದಿನದ ಕೆಲಸ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಹಿಂದಿನಿಂದ ಗುದ್ದಿದರೆ ತಲೆ ಹಿಂದೆ ಹೋಗುತ್ತದೆ ಅಂತ ನಾವು ಹೇಳುತ್ತೇವೆ. ನಿಜವಾಗಿ ತಲೆ ಎಲ್ಲಿತ್ತೋ ಅಲ್ಲೇ ಇರುತ್ತದೆ. ಮುಂದೆ ಹೋಗುವುದು ಕಾರು. ಕಾರಿನ ಜೊತೆ ಸೀಟು, ಸೀಟು ದೂಡಿದ್ದಕ್ಕೆ ಬೆನ್ನು. ಮೈ ಕೆಳಗಿನಿಂದ ಮುಂದೆ ಸರಿಯಿತು, ತಲೆಯನ್ನು ದೂಡುವವರು ಯಾರೂ ಇಲ್ಲ. ಆ ಎರಡರ ನಡುವೆ ಸಿಕ್ಕಿದ ಕುತ್ತಿಗೆ ಮೊದಲು ಹಾವಿನ ಹಾಗೆ ಎರಡು ಕಡೆ ಬಾಗುತ್ತದೆ, ಕೆಳಗಿನ ಮೂಳೆ ಒಂದು ದಿಕ್ಕಿಗೆ, ಮೇಲಿನದು ಇನ್ನೊಂದು ದಿಕ್ಕಿಗೆ. ಆಮೇಲೆ ಪೂರ್ತಿ ಹಿಂದಕ್ಕೆ ಮಡಚುತ್ತದೆ. ಇದೆಲ್ಲ ಹೆಚ್ಚು ಕಡಿಮೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತದೆ. ಕುತ್ತಿಗೆ ಬಿಗಿ ಹಿಡಿಯಲು ನಿಮಗೆ ಪುರುಸೊತ್ತೇ ಸಿಗುವುದಿಲ್ಲ.

ಇದಕ್ಕೆ ಇರುವ ಉಪಾಯ ಒಂದೇ, ಬೆನ್ನನ್ನು ದೂಡುವ ಹೊತ್ತಿಗೇ ತಲೆಯನ್ನೂ ದೂಡಬೇಕು. ಅಂದರೆ ಆ ವಸ್ತು ತಲೆಯ ಹಿಂದೆ ಇರಬೇಕು, ಹತ್ತಿರವೂ ಇರಬೇಕು. ಅದರ ಮೇಲಿನ ಅಂಚು ನೆತ್ತಿಯ ಮಟ್ಟಕ್ಕೆ ಬಂದರೆ ಒಳ್ಳೆಯದು. ಅಷ್ಟು ಬಾರದಿದ್ದರೆ ಕಿವಿಯ ಮೇಲ್ತುದಿಗಿಂತ ಕೆಳಗಂತೂ ಇರಬಾರದು. ತಲೆಗೂ ಅದಕ್ಕೂ ನಡುವೆ ಐದಾರು ಸೆಂಟಿಮೀಟರ್, ಮೂರು ನಾಲ್ಕು ಬೆರಳು ಅನ್ನಿ. ಕುತ್ತಿಗೆಗೆ ಇಟ್ಟುಕೊಂಡರೆ ಏನಾಗುತ್ತದೆ ಅಂದರೆ ಅದೇ ಒಂದು ಮೆಟ್ಟು ಆಗುತ್ತದೆ, ತಲೆ ಅದರ ಮೇಲಿಂದ ಹಿಂದಕ್ಕೆ ಮಡಚಿಕೊಳ್ಳುತ್ತದೆ. ದೋಸೆಯನ್ನು ಸಟ್ಟುಗದ ಅಂಚಿನಲ್ಲಿ ಮಡಚುತ್ತೇವಲ್ಲ, ಹಾಗೆ.

ಹಾಗಾಗಿ ನನ್ನ ಓಟು ‘ತಲೆತಡೆ’ಗೆ. ತಲೆಯಣೆ ಬೇಡ ಮಾಷ್ಟ್ರೇ. ನಮ್ಮಲ್ಲಿ ಕನ್ನಡ ಓದುವವರಿಗೆಲ್ಲ ಮಲಯಾಳ ಗೊತ್ತು. ತಲೆಯಣೆ ಅಂದರೆ ಅವರ ಕಣ್ಣ ಮುಂದೆ ಬರುವುದು ಹಾಸಿಗೆ ಮೇಲಿನ ದಿಂಬೇ.

ಪೆರ್ಲದಿಂದ:

ಪದ ಏನಾದರೂ ಇಟ್ಟುಕೊಳ್ಳಿ, ನನ್ನ ಪ್ರಶ್ನೆ ಬೇರೆ. ನಾನು ಗಿಡ್ಡ. ಕ್ಲಚ್ ಪೂರ್ತಿ ಒತ್ತಬೇಕು ಅಂದರೆ ಸೀಟು ಮುಂದೆ ತರಬೇಕು, ಮುಂದೆ ತಂದರೆ ಸ್ಟೇರಿಂಗ್ ಹೊಟ್ಟೆಗೆ ತಾಗುತ್ತದೆ. ಏರ್‌ಬ್ಯಾಗ್ ಹತ್ತಿರ ಕೂರಬಾರದು ಅಂತ ಮಗ ಬೈಯುತ್ತಾನೆ. ಅದಕ್ಕೆ ಸೀಟಿನ ಬೆನ್ನನ್ನು ಚೆನ್ನಾಗಿ ಹಿಂದೆ ಮಲಗಿಸಿ ಕೂರುತ್ತೇನೆ. ಸ್ಟೇರಿಂಗ್‌ಗೆ ಮಲಯಾಳದ ಡ್ರೈವರ್‌ಗಳು ‘ವಳಯಂ’ ಅನ್ನುತ್ತಾರಲ್ಲ, ನಾವು ಬಳೆ ಅನ್ನೋಣ, ಚೆಂದ ಇದೆ.

ಕುಂಬಳೆಯಿಂದ:

ಅಕ್ಕಾ, ನಿಮ್ಮದು ಬೇರೆ ಪ್ರಶ್ನೆ ಅಲ್ಲ, ಇದೇ ಪ್ರಶ್ನೆ. ಸೀಟಿನ ಬೆನ್ನು ಮಲಗಿಸಿದ ಕೂಡಲೇ ಹೆಡ್‌ರೆಸ್ಟೂ ಅದರ ಜೊತೆ ಹಿಂದೆ ಹೋಯಿತು. ರಸ್ತೆ ಕಾಣಬೇಕಲ್ಲ, ನೀವು ತಲೆಯನ್ನು ಮುಂದಕ್ಕೆ ತರುತ್ತೀರಿ. ಈಗ ನಡುವೆ ಒಂದು ಗೇಣು ಜಾಗ. ಅಷ್ಟು ಜಾಗ ಇದ್ದರೆ ಹೆಡ್‌ರೆಸ್ಟ್ ಎಷ್ಟು ಎತ್ತರ ಇದ್ದರೂ ಅದು ತಲೆಯನ್ನು ಮುಟ್ಟುವ ಮೊದಲೇ ಕುತ್ತಿಗೆಗೆ ಆಗಬೇಕಾದ್ದು ಆಗಿರುತ್ತದೆ. ಜೊತೆಗೆ ಬೆಲ್ಟಿನ ಮೇಲಿನ ಪಟ್ಟಿ ಹೆಗಲಿನಿಂದ ಎದ್ದು ನಿಲ್ಲುತ್ತದೆ, ಎದುರಿನಿಂದ ಗುದ್ದಿದರೆ ನೀವು ಬೆಲ್ಟಿನ ಅಡಿಯಲ್ಲಿ ಕೆಳಗೆ ಜಾರುತ್ತೀರಿ.

ಹೀಗೆ ಮಾಡಿ ನೋಡಿ. ಸೊಂಟವನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕೂತು, ಕ್ಲಚ್ ಕೊನೆತನಕ ಒತ್ತಿ. ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು, ಅಲ್ಲಿಗೆ ಸೀಟು ನಿಲ್ಲಿಸಿ. ಎತ್ತರ ಮಾಡುವ ಹಿಡಿ ಇದ್ದರೆ ಸೀಟು ಎತ್ತಿ, ಎತ್ತಿದ ಹಾಗೆ ಕಾಲಿಗೆ ಪೆಡಲ್ ಸಿಗದಿದ್ದರೆ ಒಂಚೂರು ಮತ್ತೆ ಮುಂದೆ. ಆಮೇಲೆ ಸೀಟಿನ ಬೆನ್ನನ್ನು ನೆಟ್ಟಗಿಗಿಂತ ಸ್ವಲ್ಪ ಮಾತ್ರ ಹಿಂದೆ ಬಿಡಿ. ಎರಡೂ ಹೆಗಲು ಸೀಟಿಗೆ ತಾಗಿಸಿಕೊಂಡೇ ಕೈ ಚಾಚಿದರೆ ಮಣಿಕಟ್ಟು ಬಳೆಯ ಮೇಲ್ತುದಿಯಲ್ಲಿ ಕೂರಬೇಕು. ಬೆರಳ ತುದಿ ಮಾತ್ರ ತಾಗುತ್ತದೆ ಅಂದರೆ ನೀವು ದೂರ ಇದ್ದೀರಿ, ಹೇರ್‌ಪಿನ್ ತಿರುವಿನಲ್ಲಿ ಹೆಗಲು ಸೀಟಿನಿಂದ ಎದ್ದು ಬರುತ್ತದೆ, ಆಗ ನೀವು ಬಳೆ ತಿರುಗಿಸುವುದಲ್ಲ, ಅದರಲ್ಲಿ ಜೋತುಬೀಳುವುದು. ನಿಮ್ಮ ಪೆರ್ಲದ ಏರು ರಸ್ತೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಮಗ ಹೇಳಿದ್ದೂ ಸರಿಯೇ. ಹಾರ್ನ್ ಇರುವ ನಡುಭಾಗದಿಂದ ಎದೆಮೂಳೆಗೆ 25 ಸೆಂಟಿಮೀಟರ್ ಆದರೂ ಬೇಕು. ಟೇಪು ಹಿಡಿದು ಅಳೆಯಿರಿ, ಅಂದಾಜು ಮೋಸ ಮಾಡುತ್ತದೆ. ಕಡಿಮೆ ಬಂದರೆ ಬೆನ್ನನ್ನು ಮಲಗಿಸುವ ಬದಲು ಸ್ಟೇರಿಂಗನ್ನು ನೋಡಿ. ಸುಮಾರು ಕಾರುಗಳಲ್ಲಿ ಅದನ್ನು ಮೇಲೆ ಕೆಳಗೆ ಮಾಡಬಹುದು, ಕೆಲವಲ್ಲಿ ಮಾತ್ರ ನಮ್ಮತ್ತ ಎಳೆಯುವುದು ದೂಡುವುದು ಇರುತ್ತದೆ. ದೂಡಲು ಬಂದರೆ ಮುಂದಕ್ಕೆ ದೂಡಿ. ಬರದಿದ್ದರೆ ಮೀಟರ್ ಕಾಣುವಷ್ಟು ಬಿಟ್ಟು ಕೆಳಗೆ ಇಳಿಸಿ, ಏರ್‌ಬ್ಯಾಗ್ ಮುಖದತ್ತ ಅಲ್ಲ, ಎದೆಯತ್ತ ಬರುವ ಹಾಗೆ. ಎಲ್ಲ ಮುಗಿದ ಮೇಲೆ ಹೆಡ್‌ರೆಸ್ಟ್. ಅದು ಕೊನೆಗೆ ಯಾಕೆ ಅಂತ ಈಗ ಗೊತ್ತಾಯಿತಲ್ಲ, ಬೆನ್ನು ಸರಿಸಿದರೆ ಅದರ ಅಳತೆಯೂ ತಪ್ಪುತ್ತದೆ.

ಕಾರು ಓಡಿಸುವಾಗ ತಲೆಯನ್ನು ಅದಕ್ಕೆ ಒತ್ತಿಕೊಂಡೇ ಇರಬೇಕಾಗಿಲ್ಲ. ಹತ್ತಿರ ಇದ್ದರೆ ಸಾಕು.

ಉಪ್ಪಳದಿಂದ:

ಅದು ಕಳಚಿ ಬರುವುದು ಕಾರು ನೀರಿಗೆ ಬಿದ್ದರೆ ಗಾಜು ಒಡೆಯಲಿಕ್ಕೆ ಅಂತ ವಾಟ್ಸಾಪಲ್ಲಿ ನೋಡಿದ್ದೆ. ಹಾಗಾದರೆ ‘ಗಾಜೊಡೆಕ’ ಅನ್ನಬಹುದಲ್ವಾ? ತಮಾಷೆಗೆ. ಅದು ಬಿಡಿ, ನಮ್ಮ ಹಳೇ ಕಾರಿನಲ್ಲಿ ಅದು ಸೀಟಿಗೇ ಸೇರಿ ಬಂದಿದೆ, ಎತ್ತಲು ಆಗುವುದಿಲ್ಲ, ನನ್ನ ಕಿವಿಗಿಂತ ಕೆಳಗೆ. ಸೀಟನ್ನೇ ಕೆಳಗೆ ಇಳಿಸಿದರೆ ಸರಿಯಾಗುತ್ತದಾ?

ಕುಂಬಳೆಯಿಂದ:

ಇಲ್ಲ ಭಾವಾ. ಸೀಟು ಇಳಿದರೆ ನೀವೂ ಇಳಿಯುತ್ತೀರಿ, ಅದೂ ಇಳಿಯುತ್ತದೆ. ಅಳತೆ ಅಲ್ಲಿಗೇ. ಕುತ್ತಿಗೆಗೆ ಮಾರುವ ಮೆತ್ತನೆ ದಿಂಬು ಕಟ್ಟಲೂಬೇಡಿ, ಅದು ತಲೆಯನ್ನು ಇನ್ನೂ ಮುಂದೆ ದೂಡಿ ನಡುವಿನ ಜಾಗ ಜಾಸ್ತಿ ಮಾಡುತ್ತದೆ. ಬೆನ್ನು ನೆಟ್ಟಗೆ ಮಾಡಿ ಜಾಗ ಕಡಿಮೆ ಮಾಡಿಕೊಳ್ಳಬಹುದು, ಎತ್ತರದ ಕೊರತೆಗೆ ಆ ಸೀಟಿನಲ್ಲಿ ಮದ್ದಿಲ್ಲ. ಗಾಜಿನ ಮಾತು ಸುಮ್ನೆ, ಅದನ್ನು ಆ ಕೆಲಸಕ್ಕೆ ಮಾಡಿದ್ದಲ್ಲ.

ಮಂಜೇಶ್ವರದಿಂದ:

ಸರಿ, ತಲೆಯಣೆ ಹಿಂದೆ ತೆಗೆದುಕೊಂಡೆ. ನನ್ನ ಕಾರಿನಲ್ಲೂ ನೋಡಿದೆ, ಕುತ್ತಿಗೆಗೇ ಇತ್ತು, ಎರಡು ಮೆಟ್ಟಿಲು ಎತ್ತಿದೆ. ಆದರೆ ‘ತಲೆತಡೆ’ಯನ್ನು ಒಪ್ಪುವುದಿಲ್ಲ. ರಸ್ತೆತಡೆ ಅಂದರೆ ರಸ್ತೆಗೆ ಅಡ್ಡ ಹಾಕುವುದು. ತಲೆತಡೆ ಅಂದರೆ ತಲೆಗೇ ಅಡ್ಡ ಬಂದ ಹಾಗೆ ಕೇಳುತ್ತದೆ, ಕಲಿಯುವ ಹುಡುಗರು ನಗುತ್ತಾರೆ. ‘ತಲೆಯಾಸರೆ’ ಹೇಗೆ?

ಬದಿಯಡ್ಕದಿಂದ:

ಮಾಷ್ಟ್ರೇ, ಆಸರೆ ಅಂದರೆ ಮತ್ತೆ ಒರಗುವುದೇ ಆಯಿತಲ್ಲ. ದಿಂಬಿನ ಮಗ. ನಗುವವರು ನಗಲಿ ಅಂತ ಸದ್ಯಕ್ಕೆ ತಲೆತಡೆ ಅಂತಲೇ ಬರೆದಿದ್ದೇನೆ, ಮೊದಲ ಸಲ ಬರುವಲ್ಲಿ ‘ಹೆಡ್‌ರೆಸ್ಟ್ ಅಂತ ಕರೆಯುವ ತಲೆತಡೆ’ ಅಂತ. ಬಳೆ ಬೇಡ ಅಕ್ಕಾ, ‘ಬಳೆಯನ್ನು ಕೆಳಗೆ ಇಳಿಸಿ’ ಅಂತ ಬರೆದು ನನ್ನ ಹೆಂಡತಿಗೆ ಓದಿ ಹೇಳಿದೆ, ಅವಳು ಕೈ ನೋಡಿಕೊಂಡಳು.

ನಿನ್ನೆ ಅತ್ತಿಗೆಯ ಕಾರಿನಲ್ಲಿ ಅದನ್ನು ಎತ್ತಲು ಹೋದೆ, ಜಗ್ಗಲಿಲ್ಲ. ಸರಳಿನ ಬುಡದಲ್ಲಿ ಒತ್ತುವ ಗುಂಡಿ ಇರುತ್ತದಲ್ಲ, ಸೀಟು ಕವರ್ ಹಾಕಿದವರು ಅದರ ಮೇಲೆಯೇ ರೆಕ್ಸಿನ್ ಎಳೆದು ಹೊಲಿದಿದ್ದಾರೆ. ಬೆರಳಿಗೆ ಗುಂಡಿ ಸಿಗುತ್ತದೆ, ಒತ್ತಲು ಆಗುವುದಿಲ್ಲ. ಕುಂಬಳೆಯಣ್ಣಾ, ಅಷ್ಟು ಜಾಗ ಮಾತ್ರ ಬ್ಲೇಡಿನಲ್ಲಿ ಕೊಯ್ದರೆ ಕವರ್ ಪೂರ್ತಿ ಹರಿದುಕೊಂಡು ಹೋಗುತ್ತದಾ? ಅತ್ತಿಗೆಗೆ ಇನ್ನೂ ಹೇಳಿಲ್ಲ.